369 ಎಂದು ಬರೆದಿದ್ದೆ

ಎಥಿಕ್ಸ್ ಕಮಿಟಿಯಿಂದ ನನ್ನ ಥೀಸಿಸ್ ಸಿನಾಪ್ಸಿಸ್ ವಾಪಸ್ ಬಂದಾಗ, ಎಷ್ಟು ಮಂದಿಯನ್ನು ಅಧ್ಯಯನಕ್ಕೆ ತೆಗೆದುಕೊಳ್ಳಬೇಕು ಎಂಬ ಸ್ಯಾಂಪಲ್ ಸೈಜ್ ಪ್ಯಾರಾದ ಪಕ್ಕ ಯಾರೋ ಕೆಂಪು ಪೆನ್ನಿನಲ್ಲಿ ಒಂದು ಸಾಲು ಗೀಚಿದ್ದರು: "ಇದು ಒಂದು ಗುಂಪಿನ ಲೆಕ್ಕ. ಎರಡನೇ ಗುಂಪು ಎಲ್ಲಿ?"

ಆಗ ನಾನು ಕಮ್ಯುನಿಟಿ ಮೆಡಿಸಿನ್ ಎಂ.ಡಿ. ಮೊದಲ ವರ್ಷದಲ್ಲಿದ್ದೆ. ನನ್ನ ಪ್ರಶ್ನೆ ದೊಡ್ಡದೇನಲ್ಲ. ತಾಯಿ ಕಾರ್ಡ್ ಮಾಡಿಸಲು ಬರುವ ಹೊತ್ತಿಗೇ ರಕ್ತಹೀನತೆ ಇರುವ ಗರ್ಭಿಣಿಯರಿಗೆ, ಇಲ್ಲದವರಿಗಿಂತ ಎಷ್ಟು ಪಟ್ಟು ಹೆಚ್ಚಾಗಿ ಕಡಿಮೆ ತೂಕದ ಮಗು ಹುಟ್ಟುತ್ತದೆ? ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ, ಮಗು 2,500 ಗ್ರಾಂಗಿಂತ ಕಡಿಮೆ ಇದ್ದರೆ ಕಡಿಮೆ ತೂಕ. ಮೊದಲ ಮೂರು ತಿಂಗಳಲ್ಲಿ ಬಂದವರನ್ನು ಎರಡು ಗುಂಪು ಮಾಡಿ, ಹೆರಿಗೆಯವರೆಗೆ ಹಿಂಬಾಲಿಸಿ, ಎರಡೂ ಕಡೆ ಮಕ್ಕಳ ತೂಕ ನೋಡುವುದು. ಕೋಹಾರ್ಟ್ ಅಧ್ಯಯನ ಎಂದರೆ ಇಷ್ಟೇ.

ನಾನು ಬರೆದಿದ್ದ ಲೆಕ್ಕ ಹೀಗಿತ್ತು. ನಮ್ಮ ಹಾಸ್ಟೆಲಿನಲ್ಲಿ ಸೀನಿಯರ್‌ಗಳಿಂದ ಜೂನಿಯರ್‌ಗಳಿಗೆ ಪೆನ್‌ಡ್ರೈವ್ ಮೂಲಕ ಇಳಿದು ಬಂದ ಒಂದು ಸೂತ್ರವಿದೆ, 4pq/L². ಎಲ್ಲರ ಥೀಸಿಸ್‌ನಲ್ಲೂ ಅದೇ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದಲ್ಲಿ ಕಡಿಮೆ ತೂಕದ ಮಕ್ಕಳು ಸುಮಾರು ಶೇ. 18 ಎಂದಿತ್ತು. p ಜಾಗದಲ್ಲಿ ಆ 18, q ಜಾಗದಲ್ಲಿ ನೂರರಲ್ಲಿ ಉಳಿದ 82, ಎಷ್ಟು ಆಚೆ ಈಚೆ ಆದರೂ ಸರಿ ಎಂಬ L ಜಾಗದಲ್ಲಿ 4 ಹಾಕಿದೆ. 369 ಬಂತು. ಬರೆದು ಗೈಡ್ ಸಹಿ ಹಾಕಿಸಿಕೊಂಡೆ. ಸರ್ ಕೂಡ ತಲೆ ಎತ್ತಿ ನೋಡಲಿಲ್ಲ, ಏಕೆಂದರೆ ಎಲ್ಲರೂ ಅದನ್ನೇ ಬರೆಯುತ್ತಾರೆ.

ಕೆಂಪು ಸಾಲು ಹಿಡಿದುಕೊಂಡು ಸ್ಟ್ಯಾಟಿಸ್ಟಿಕ್ಸ್ ಮೇಡಂ ಹತ್ತಿರ ಹೋದೆ. ಅವರು ಕಂಪ್ಯೂಟರ್ ತೆರೆಯಲಿಲ್ಲ, ಒಂದು ಹಾಳೆ ತೆಗೆದರು.

"ಊರಿನಲ್ಲಿ ಕಡಿಮೆ ತೂಕದ ಮಕ್ಕಳು ಶೇಕಡಾ ಎಷ್ಟು ಅಂತ ಕಂಡುಹಿಡಿಯೋಕೆ ಹೊರಟಿದ್ದೀಯಾ?"

"ಇಲ್ಲ ಮೇಡಂ, ಎರಡು ಗುಂಪನ್ನ ಹೋಲಿಸೋಕೆ."

"ನಿನ್ನ ಸೂತ್ರ ಮೊದಲನೇದಕ್ಕೆ. 369 ಮಂದಿಯನ್ನ ನೋಡಿದರೆ ಆ 18ನ್ನ ನಾಲ್ಕು ಅಂಕ ಆಚೆ ಈಚೆ ಹೇಳಬಹುದು ಅಂತ ಅದರ ಅರ್ಥ. ಹೋಲಿಕೆ ಬಗ್ಗೆ ಅದು ಬಾಯೇ ಬಿಡೋದಿಲ್ಲ."

ಆಮೇಲೆ ಅವರು ಹಾಳೆಯಲ್ಲಿ ಬರೆದದ್ದು ಎರಡೇ ಖಾಲಿ ಜಾಗ. ರಕ್ತಹೀನತೆ ಇಲ್ಲದವರಲ್ಲಿ ಕಡಿಮೆ ತೂಕದ ಮಗುವಿನ ಅಪಾಯ ಎಷ್ಟು, ಇದು p0. ಇರುವವರಲ್ಲಿ ಅದು ಎಷ್ಟು ಪಟ್ಟು, ಇದು RR, ಅಂದರೆ ರಿಲೇಟಿವ್ ರಿಸ್ಕ್. ಇವೆರಡು ಗೊತ್ತಾದರೆ, ಗುಣಿಸಿದಾಗ ರಕ್ತಹೀನತೆ ಇರುವವರ ಅಪಾಯ p1 ಬರುತ್ತದೆ. ಉಳಿದದ್ದು ಶಾಲಾ ಗಣಿತ. "ತುಂಬಿಸಿಕೊಂಡು ಬಾ" ಎಂದು ಹಾಳೆ ಕೈಗೆ ಕೊಟ್ಟರು. ಎರಡು ಜಾಗ ತುಂಬಿಸಲು ನನಗೆ ಮೂರು ವಾರ ಹಿಡಿಯಿತು.

ಮೊದಲ ಜಾಗದಲ್ಲಿ 18 ಬರೆದುಬಿಡೋಣ ಎನಿಸಿತು. ಆದರೆ 18 ಯಾರದ್ದು? ಅದು ಎಲ್ಲ ತಾಯಂದಿರದ್ದು, ರಕ್ತಹೀನತೆ ಇರುವವರೂ ಇಲ್ಲದವರೂ ಕೂಡಿದ ಕಲಸುಮೇಲೋಗರ. ಅದೇ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ. 52.2 ಮಂದಿಗೆ ರಕ್ತಹೀನತೆ ಇತ್ತು. ಅರ್ಧಕ್ಕರ್ಧ ಎಂದುಕೊಂಡು, RR 1.5 ಎಂದುಕೊಂಡರೆ, ಒಟ್ಟು ಅಪಾಯ ಎಂಬುದು p0 ಮತ್ತು 1.5 p0 ಇವುಗಳ ಸರಾಸರಿ, ಅಂದರೆ 1.25 p0. 18ನ್ನು 1.25ರಿಂದ ಭಾಗಿಸಿದರೆ 14.4. ಸಮೀಕ್ಷೆಯ 18ರ ಒಳಗೆ ನನಗೆ ಬೇಕಾದ p0 ಅಡಗಿತ್ತು, ಆದರೆ ಅದು 18 ಆಗಿರಲಿಲ್ಲ.

ಇದು ಇಡೀ ದೇಶದ ಅಂದಾಜು, ನಮ್ಮ ಆಸ್ಪತ್ರೆಯದ್ದಲ್ಲ. ಹಾಗಾಗಿ ಹೆರಿಗೆ ವಾರ್ಡಿನ ಹಳೆಯ ರಿಜಿಸ್ಟರ್ ಬಿಡಿಸಿದೆ. ಮೂರು ಮಧ್ಯಾಹ್ನ ಅಲ್ಲೇ ಕುಳಿತು, ಅವಳಿ ಮಕ್ಕಳನ್ನು ಬಿಟ್ಟು, ಮೊದಲ ಮೂರು ತಿಂಗಳಲ್ಲಿ ಹಿಮೋಗ್ಲೋಬಿನ್ 11 ಅಥವಾ ಹೆಚ್ಚು ಇದ್ದು ನಮ್ಮಲ್ಲೇ ಹೆರಿಗೆಯಾದವರನ್ನು ಗುರುತು ಹಾಕಿದೆ. 214 ಮಂದಿ ಸಿಕ್ಕರು. ಅವರಲ್ಲಿ 32 ಮಕ್ಕಳು 2,500 ಗ್ರಾಂಗಿಂತ ಕಡಿಮೆ. ಶೇ. 15. ದೇಶದ ಅಂದಾಜಿಗೆ ಹತ್ತಿರವೇ ಬಂತು ಎಂದು ಖುಷಿಯಾಗಿ ಮೇಡಂಗೆ ಫೋನ್ ಮಾಡಿದರೆ ಅವರು, "214ರಲ್ಲಿ 32 ಅಂದರೆ ನಿಜ ಸಂಗತಿ 10 ಇರಬಹುದು, 20 ಇರಬಹುದು. ಎರಡಕ್ಕೂ ಲೆಕ್ಕ ಹಾಕಿ ನೋಡು" ಎಂದರು.

ಎರಡನೇ ಜಾಗವೇ ನಿಜವಾದ ತಲೆನೋವು. RR ಎಲ್ಲಿಂದ ತರುವುದು? ಹಳೆಯ ಲೇಖನಗಳನ್ನು ಹುಡುಕಿದರೆ ಒಂದೊಂದು ಒಂದೊಂದು ಹೇಳುತ್ತಿತ್ತು. ನಾನು ಒಂದರಲ್ಲಿ 1.5 ಎಂದು ಕಂಡು ಅದನ್ನೇ ಹಾಳೆಗೆ ಇಳಿಸಿದ್ದೆ. ಮೇಡಂ ಆ ಲೇಖನದ ಟೇಬಲ್ ಮೇಲೆ ಬೆರಳಿಟ್ಟರು. ಕಾಲಂ ತಲೆಯ ಮೇಲೆ ಇದ್ದದ್ದು RR ಅಲ್ಲ, OR. ಆಡ್ಸ್ ರೇಶಿಯೊ.

ಕಾಯಿಲೆ ಅಪರೂಪವಾಗಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ, ಯಾರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ನೂರಕ್ಕೆ ಹದಿನೈದು ಅಪರೂಪವಲ್ಲ. ಶೇ. 15ರ ಆಡ್ಸ್ ಎಂದರೆ 15ಕ್ಕೆ 85, ಅಂದರೆ 0.176. ಅದನ್ನು 1.5ರಿಂದ ಗುಣಿಸಿದರೆ 0.265. ಅದನ್ನು ಮತ್ತೆ ಅಪಾಯವಾಗಿ ತಿರುಗಿಸಿದರೆ ಶೇ. 20.9. 15 ಎಲ್ಲಿ, 20.9 ಎಲ್ಲಿ ಎಂದು ಭಾಗಿಸಿ ನೋಡಿದರೆ RR ಬರೀ 1.4ರ ಹತ್ತಿರ. ನಾನು ಅಂದುಕೊಂಡಿದ್ದ p1 ಶೇ. 22.5. ಈ ಒಂದೂವರೆ ಅಂಕದ ವ್ಯತ್ಯಾಸ ಏನು ಮಹಾ ಎನಿಸಿತ್ತು. ಆಮೇಲೆ ಲೆಕ್ಕ ಹಾಕಿದಾಗ, p1 22.5 ಆದರೆ ಒಂದು ಗುಂಪಿಗೆ 424 ಸಾಕು, 20.9 ಆದರೆ 656 ಬೇಕು ಎಂದು ಬಂತು. ಒಂದು ಕಾಲಂ ಹೆಸರು ಓದದೇ ಹೋದದ್ದಕ್ಕೆ ಎರಡೂ ಗುಂಪು ಸೇರಿ ನಾನೂರೈವತ್ತಕ್ಕೂ ಹೆಚ್ಚು ತಾಯಂದಿರ ವ್ಯತ್ಯಾಸ.

ಇದೇ ಹೊತ್ತಿಗೆ ನನ್ನ ರೂಮ್‌ಮೇಟ್ ಒಂದು ಉಪಾಯ ಹೇಳಿದಳು. "RR ಎರಡು ಅಂತ ಹಾಕೇ, ಸ್ಯಾಂಪಲ್ ಇಳಿದುಬಿಡುತ್ತೆ." ಹಾಕಿ ನೋಡಿದೆ. ಒಂದು ಗುಂಪಿಗೆ 121! ಬೇಗ ಮುಗಿಸಿ ಓದಲು ಕೂರಬಹುದು. ಸುಳ್ಳೇಕೆ ಹೇಳಲಿ, ಎರಡು ದಿನ ಆ 121ನ್ನು ಬಹಳ ಪ್ರೀತಿಯಿಂದ ನೋಡಿಕೊಂಡಿದ್ದೆ.

ಮೇಡಂ ಬಯ್ಯಲಿಲ್ಲ. "ನಿಜ RR ಒಂದೂವರೆ ಇದ್ದು ನೀನು 121 ತಗೊಂಡರೆ ಏನಾಗುತ್ತೆ, ಸೂತ್ರವನ್ನ ತಿರುಗಿಸಿ ಹಾಕು" ಎಂದರಷ್ಟೆ. ಸಂಖ್ಯೆ ಕೊಟ್ಟು ಪವರ್, ಅಂದರೆ ಇರುವ ವ್ಯತ್ಯಾಸವನ್ನು ಹಿಡಿಯುವ ಸಾಧ್ಯತೆ ಎಷ್ಟು ಎಂದು ಕೇಳುವುದು. ಉತ್ತರ ಶೇ. 32 ಬಂತು. ಅಂದರೆ ರಕ್ತಹೀನತೆ ನಿಜಕ್ಕೂ ಅಪಾಯವನ್ನು ಒಂದೂವರೆ ಪಟ್ಟು ಮಾಡುತ್ತಿದ್ದರೂ, ಇಂಥ ಮೂರು ಅಧ್ಯಯನ ಮಾಡಿದರೆ ಸುಮಾರು ಎರಡರಲ್ಲಿ "ಗಣನೀಯ ವ್ಯತ್ಯಾಸ ಕಾಣಲಿಲ್ಲ" ಎಂದು ಬರೆದು ಮುಗಿಸಬೇಕಾಗುತ್ತದೆ. ಓದಿದವರು ಸಂಬಂಧವೇ ಇಲ್ಲ ಎಂದುಕೊಳ್ಳುತ್ತಾರೆ. 242 ತಾಯಂದಿರ ಹೊತ್ತು ತೆಗೆದುಕೊಂಡು, ಅವರ ಬೆರಳು ಚುಚ್ಚಿ, ಕೊನೆಗೆ ತಪ್ಪು ಸುದ್ದಿ ಹಬ್ಬಿಸಿದಂತೆ.

ಹಾಗಾದರೆ RR ಎಷ್ಟು ಹಾಕಬೇಕು? ಮೇಡಂ ಹೇಳಿದ ರೀತಿ ನನಗೆ ಬಹಳ ದಿನ ನೆನಪಿತ್ತು. ಎಷ್ಟು ಸಿಗಬಹುದು ಎಂದು ಊಹಿಸಬೇಡ, ಎಷ್ಟಿದ್ದರೆ ಅದನ್ನು ಬಿಟ್ಟುಹೋಗಬಾರದು ಎಂದು ಯೋಚಿಸು ಎಂದರು. ಇನ್ನೊಂದು ಮಾತೂ ಇತ್ತು. ರಕ್ತಹೀನತೆ ಕಂಡವರನ್ನು ನಾವು ಸುಮ್ಮನೆ ಬಿಡುವಂತಿಲ್ಲ. ಎಲ್ಲ ಗರ್ಭಿಣಿಯರಿಗೂ ದಿನಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುತ್ತೇವೆ, ರಕ್ತಹೀನತೆ ಇರುವವರಿಗೆ ಎರಡು. ಏಳನೇ ತಿಂಗಳಿಗೆ ಅವರಲ್ಲಿ ಹಲವರ ಹಿಮೋಗ್ಲೋಬಿನ್ ಏರಿರುತ್ತದೆ. ಆಗ ಎರಡು ಗುಂಪಿನ ಅಂತರ ತಾನಾಗಿಯೇ ಕುಗ್ಗುತ್ತದೆ. ಚಿಕಿತ್ಸೆ ಸಿಗುತ್ತಿರುವ ತಾಯಂದಿರಲ್ಲಿ RR ಎರಡು ಎಂದು ನಿರೀಕ್ಷಿಸುವುದು ಆಸೆಬುರುಕತನ. 1.3 ಹಾಕಿದರೆ ಒಂದು ಗುಂಪಿಗೆ 1,100 ದಾಟುತ್ತದೆ, ನನ್ನ ಕೈಯಲ್ಲಿ ಆಗದ ಮಾತು. ಕೊನೆಗೆ 1.5 ಎಂದು ಗಟ್ಟಿಮಾಡಿಕೊಂಡೆವು. ಲೇಖನದಲ್ಲಿದ್ದ ಅದೇ ಅಂಕಿ, ಆದರೆ ಈ ಸಲ ಕಾರಣ ಬೇರೆ. ಅದಕ್ಕಿಂತ ಕಡಿಮೆ ಇದ್ದರೆ ನನ್ನ ಅಧ್ಯಯನದ ಕಣ್ಣಿಗೆ ಬೀಳದೇ ಹೋಗಬಹುದು ಎಂದು ಸಿನಾಪ್ಸಿಸ್‌ನಲ್ಲೇ ಬರೆದೆ.

ಇನ್ನು ಲೆಕ್ಕ. ಮೇಡಂ ಹಟ ಹಿಡಿದು ಕೈಯಲ್ಲೇ ಮಾಡಿಸಿದರು. n ಎಂದರೆ ಒಂದು ಗುಂಪಿಗೆ ಬೇಕಾದ ಮಂದಿ.

```
n = [1.96 √(2 p̄ (1-p̄)) + 0.84 √(p1(1-p1) + p0(1-p0))]² / (p1-p0)²
```

1.96 ಎಂದರೆ, ಇಲ್ಲದ ವ್ಯತ್ಯಾಸವನ್ನು ಇದೆ ಎಂದು ಹೇಳಿಬಿಡುವ ಅಪಾಯವನ್ನು ನೂರಕ್ಕೆ ಐದರೊಳಗೆ ಇಡುವುದಕ್ಕೆ. 0.84 ಎಂದರೆ, ನಿಜಕ್ಕೂ ವ್ಯತ್ಯಾಸ ಇದ್ದಾಗ ನೂರಕ್ಕೆ ಎಂಬತ್ತು ಸಲ ಹಿಡಿಯುವುದಕ್ಕೆ. p0 0.15, p1 0.225, ಎರಡರ ಸರಾಸರಿ p̄ 0.1875. ಮೊದಲ ತುಂಡು 1.082, ಎರಡನೆಯದು 0.462. ಕೂಡಿಸಿದರೆ 1.543, ವರ್ಗ ಮಾಡಿದರೆ 2.382. ಕೆಳಗೆ 0.075ರ ವರ್ಗ, 0.005625. ಭಾಗಿಸಿದರೆ 423.5. ಅರ್ಧ ಮನುಷ್ಯ ಇಲ್ಲವಾದ್ದರಿಂದ 424.

ಕೈಯಲ್ಲಿ ಮಾಡಿದ್ದರ ಲಾಭ ಆಗ ತಿಳಿಯಿತು. ಮೇಲಿನ ತುಂಡುಗಳು ಅಷ್ಟೇನೂ ಅಲುಗಾಡುವುದಿಲ್ಲ. ಎಲ್ಲ ಆಟ ಇರುವುದು ಕೆಳಗಿನ ವ್ಯತ್ಯಾಸದಲ್ಲಿ, ಅದೂ ವರ್ಗವಾಗಿ ಕೂತಿದೆ. ಅಂತರ ಅರ್ಧವಾದರೆ ಜನ ಸುಮಾರು ನಾಲ್ಕು ಪಟ್ಟು ಬೇಕು. p0 ಬದಲಾದರೆ ಏಕೆ ಎಲ್ಲ ಬದಲಾಗುತ್ತದೆ ಎಂಬುದೂ ಇಲ್ಲೇ ಇದೆ. RR ಅದೇ 1.5 ಇದ್ದರೂ, ಹತ್ತರ ಒಂದೂವರೆ ಪಟ್ಟು ಹದಿನೈದು, ಅಂತರ ಐದೇ ಅಂಕ, 685 ಮಂದಿ ಬೇಕು. ಇಪ್ಪತ್ತರ ಒಂದೂವರೆ ಪಟ್ಟು ಮೂವತ್ತು, ಅಂತರ ಹತ್ತು, 293 ಸಾಕು. ನನ್ನ ಮೂರು ಮಧ್ಯಾಹ್ನದ ರಿಜಿಸ್ಟರ್ ಎಣಿಕೆಯ ಆಚೆ ಈಚೆ ತುದಿಗಳೇ 293 ಮತ್ತು 685! ಮೇಡಂ ಫೋನಿನಲ್ಲಿ ಹೇಳಿದ್ದು ಇದನ್ನೇ.

ಆಮೇಲೆ ಇಂಥ ಲೆಕ್ಕ ಹಾಕಿಕೊಡುವ OpenEpi ಎಂಬ ವೆಬ್‌ಸೈಟ್ ತೆರೆದು ತಾಳೆ ನೋಡಿದೆ. ಅದರಲ್ಲಿ `Percent of Unexposed with Outcome` ಎಂಬಲ್ಲಿ 15 ಹಾಕಬೇಕು, `Risk/Prevalence Ratio` ಎಂಬಲ್ಲಿ 1.5. ಅದರ ಹತ್ತಿರವೇ `Odds Ratio` ಎಂಬ ಇನ್ನೊಂದು ಚೌಕವಿದೆ, ನನ್ನಂಥವರಿಗೆಂದೇ ತೋಡಿಟ್ಟ ಗುಂಡಿ. ಉತ್ತರವಾಗಿ ಮೂರು ಸಾಲು ಬರುತ್ತವೆ. `Fleiss` ಎಂಬುದು ನನ್ನ 424. `Kelsey` ಎಂಬುದು ಒಂದೆರಡು ಹೆಚ್ಚು. `Fleiss with CC` ಎಂಬುದು 450ರ ಆಸುಪಾಸು, ಅದು ಸ್ವಲ್ಪ ಜಾಸ್ತಿ ಎಚ್ಚರಿಕೆಯ ಲೆಕ್ಕ. ಯಾವುದನ್ನು ಬಳಸಿದೆ ಎಂದು ಹೆಸರು ಹೇಳಿ ಬರೆದರಾಯಿತು. ಮೂರನ್ನೂ ನೋಡಿ ಚಿಕ್ಕದನ್ನು ಆರಿಸಿಕೊಳ್ಳುವುದು ಮಾತ್ರ ಬೇಡ.

ಗುಂಪುಗಳು ಸಮ ಇರಲೇಬೇಕೆಂದೇನಿಲ್ಲ. ಪಕ್ಕದ ವಿಭಾಗದ ಗೆಳೆಯನೊಬ್ಬನಿಗೆ, ನನ್ನ ರಕ್ತಹೀನತೆಯ ಜಾಗದಲ್ಲಿದ್ದ ಎಕ್ಸ್‌ಪೋಷರ್ ಅಪರೂಪದ್ದು, ಅಂಥವರು ಸಿಗುವುದೇ ಕಷ್ಟ. ಒಬ್ಬರಿಗೆ ಇಬ್ಬರಂತೆ ತೆಗೆದುಕೊಂಡರೆ ನನ್ನದೇ ಅಂಕಿಗಳಲ್ಲಿ ಎಕ್ಸ್‌ಪೋಸ್ಡ್ 311ಕ್ಕೆ ಇಳಿಯುತ್ತದೆ, ಇನ್ನೊಂದು ಕಡೆ 622ಕ್ಕೆ ಏರುತ್ತದೆ. ಒಟ್ಟು ಹೆಚ್ಚಾದರೂ ಸಿಗದವರು ಕಡಿಮೆ ಸಾಕು. ನಮ್ಮ ಓಪಿಡಿಯಲ್ಲಿ ರಕ್ತಹೀನತೆಗೆ ಬರವಿಲ್ಲ, ನನಗದು ಬೇಕಾಗಲಿಲ್ಲ.

424 ಎಂಬುದು ಕೊನೆಯಲ್ಲಿ ಕೈಯಲ್ಲಿ ಉಳಿಯಬೇಕಾದವರ ಸಂಖ್ಯೆ. ಸೇರಿಸಿಕೊಳ್ಳಬೇಕಾದವರು ಇನ್ನೂ ಹೆಚ್ಚು. ಶೇ. 15 ತಪ್ಪಿಹೋಗಬಹುದೆಂದು ಅಂದಾಜಿಸಿ ನಾನು 424ಕ್ಕೆ ಅದರ ಶೇ. 15 ಕೂಡಿಸಿ 488 ಎಂದು ಬರೆದಿದ್ದೆ. ಈ ಬಾರಿ ತಪ್ಪು ಹಿಡಿದವರು ಗೈಡ್ ಸರ್. "488ರಲ್ಲಿ ಶೇ. 15 ಕಳೆ" ಎಂದರು. ಕಳೆದರೆ 415, ಒಂಬತ್ತು ಮಂದಿ ಕಡಿಮೆ. ಕೂಡಿಸಬಾರದು, 0.85ರಿಂದ ಭಾಗಿಸಬೇಕು. 499. ಎರಡು ಗುಂಪಿಗೆ 998.

998 ಆಗುತ್ತದೆಯೇ? ಓಪಿಡಿಯಲ್ಲಿ ಹೊಸದಾಗಿ, ಮೂರು ತಿಂಗಳೊಳಗೆ ಬರುವ, ಒಪ್ಪಿಗೆ ಕೊಡುವವರು ದಿನಕ್ಕೆ ಐದು. ತಿಂಗಳಿಗೆ 24 ದಿನ, 120 ಮಂದಿ, ಅರ್ಧ ಅತ್ತ ಅರ್ಧ ಇತ್ತ. ಎಂಟೂವರೆ ತಿಂಗಳು ಸೇರ್ಪಡೆಗೆ, ಕೊನೆಗೆ ಸೇರಿದವಳ ಹೆರಿಗೆಗೆ ಇನ್ನಾರು ಏಳು ತಿಂಗಳು. ಥೀಸಿಸ್ ಗಡುವಿಗೆ ಉಸಿರು ಹಿಡಿದು ಹೊಂದುತ್ತಿತ್ತು. ಎರಡನೇ ಸಲ ಕಮಿಟಿಯಿಂದ ಕೆಂಪು ಗೆರೆ ಬರಲಿಲ್ಲ.

ಆದರೆ ಶೇ. 15 ಎಂಬ ಅಂದಾಜಿನಲ್ಲಿ ನಾನು ಒಂದನ್ನು ಮರೆತಿದ್ದೆ, ಅದೂ ನಮ್ಮ ಮನೆಗಳಲ್ಲೇ ನಡೆಯುವುದು. ಏಳನೇ ತಿಂಗಳಿಗೆ ಸೀಮಂತ, ಅಲ್ಲಿಂದ ತವರುಮನೆ. ಮೊದಲ ಹೆರಿಗೆ ತವರಿನಲ್ಲೇ. ಸೇರ್ಪಡೆ ಶುರುವಾದ ಆರನೇ ತಿಂಗಳಿಗೆ ನನ್ನ ಪಟ್ಟಿಯಿಂದ ಹೆಸರುಗಳು ಉದುರತೊಡಗಿದವು. ಎಣಿಸಿ ನೋಡಿದರೆ ಉದುರಿದವರಲ್ಲಿ ಹೆಚ್ಚಿನವರು ಚೊಚ್ಚಲ ಬಸುರಿಯರು. ಸಂಖ್ಯೆ ಮಾತ್ರ ಕಡಿಮೆಯಾಗುವುದಾದರೆ 499 ಅದನ್ನು ತಾಳಿಕೊಳ್ಳುತ್ತಿತ್ತು. ಚೊಚ್ಚಲ ಮಕ್ಕಳ ತೂಕ ಸಾಮಾನ್ಯವಾಗಿ ಕಡಿಮೆ ಇರುತ್ತದೆ, ಹಾಗಾಗಿ ಅವರೇ ಹೋದರೆ ಉಳಿದವರಲ್ಲಿ p0 ನಾನು ಅಂದುಕೊಂಡ 15 ಆಗಿರುವುದಿಲ್ಲ. ಒಂದು ಗುಂಪಿನಿಂದ ಹೆಚ್ಚು ಹೋದರಂತೂ RR ಕೂಡ ಅಡ್ಡದಾರಿ ಹಿಡಿಯುತ್ತದೆ. ಹೆಚ್ಚು ಜನರನ್ನು ಸೇರಿಸಿಕೊಂಡರೆ ಇದು ಸರಿಹೋಗುವುದಿಲ್ಲ.

ಅಲ್ಲಿಂದ ಮುಂದೆ ಸೇರಿಸಿಕೊಳ್ಳುವಾಗಲೇ ಗಂಡನ ನಂಬರ್ ಜೊತೆಗೆ ತಾಯಿಯ ನಂಬರ್, ತವರೂರಿನ ಹೆಸರು, ಅಲ್ಲಿಯ ಆಶಾ ಕಾರ್ಯಕರ್ತೆಯ ನಂಬರ್ ಬರೆದುಕೊಳ್ಳತೊಡಗಿದೆ. ಹೆರಿಗೆ ಎಲ್ಲಾದರೂ ಆಗಲಿ, ಹುಟ್ಟಿದ ತೂಕ ತಾಯಿ ಕಾರ್ಡಿನಲ್ಲಿ ಬರೆದಿರುತ್ತಾರೆ. ಸಂಜೆ ಆರರ ಮೇಲೆ ಫೋನ್ ಹಿಡಿದು ಕೂರುವುದು, "ಅಕ್ಕಾ, ಕಾರ್ಡಿನ ಫೋಟೋ ಒಂದು ಕಳಿಸ್ತೀರಾ" ಎನ್ನುವುದು. ಅಜ್ಜಿಯೊಬ್ಬರು ಮಗುವಿನ ಫೋಟೋವನ್ನೇ ಕಳಿಸಿಬಿಟ್ಟಿದ್ದರು, ಕಾರ್ಡಿನದ್ದಲ್ಲ.

ಹಾಗೆ ಬಂದ ಕಾರ್ಡುಗಳಲ್ಲಿ ಇನ್ನೊಂದು ವಿಚಿತ್ರ ಕಂಡಿತು. ನಮ್ಮ ವಾರ್ಡಿನಲ್ಲಿ 2,460, 2,515 ಎಂದು ಗ್ರಾಂ ಲೆಕ್ಕದಲ್ಲಿ ಬರೆಯುತ್ತಿದ್ದರೆ, ಹೊರಗಿನಿಂದ ಬಂದವುಗಳಲ್ಲಿ 2.5 ಎಂಬುದು ರಾಶಿ ಬಿದ್ದಿತ್ತು. 2.4 ಇಲ್ಲ, 2.6 ಅಪರೂಪ, ಬರೀ 2.5. ಅದು 2,500 ಗ್ರಾಂ ಆದರೆ ನನ್ನ ಲೆಕ್ಕದಲ್ಲಿ ಕಡಿಮೆ ತೂಕವಲ್ಲ, ಏಕೆಂದರೆ ಗೆರೆ ಇರುವುದು 2,500ಕ್ಕಿಂತ ಕಡಿಮೆ ಎಂದು. 2,470 ಇದ್ದ ಮಗುವನ್ನು ಯಾರೋ ರೌಂಡ್ ಮಾಡಿ 2.5 ಎಂದು ಬರೆದಿದ್ದರೆ ಅದು ನನ್ನ ಕೈಯಿಂದ ಜಾರಿ ಆ ಕಡೆ ಹೋಯಿತು. ಎರಡೂ ಗುಂಪಿನಲ್ಲಿ ಹೀಗೆ ಜಾರಿದರೆ ಎರಡೂ ಅಪಾಯ ಇಳಿಯುತ್ತವೆ, ಅಂತರವೂ ಕುಗ್ಗುತ್ತದೆ. ಆ ಅಂತರ ಸೂತ್ರದಲ್ಲಿ ಕೆಳಗೆ, ವರ್ಗವಾಗಿ ಕೂತಿದೆ.

ಸರಿಯಾಗಿ 2.5 ಎಂದಿರುವ ಕಾರ್ಡುಗಳನ್ನು ಬೇರೆ ಕಟ್ಟು ಮಾಡಿದೆ. ಆಸ್ಪತ್ರೆಯ ರಿಜಿಸ್ಟರ್ ಸಿಗುವಲ್ಲಿ ಅಲ್ಲಿಯ ನರ್ಸ್ ಅಕ್ಕನಿಗೆ ಫೋನ್ ಮಾಡಿ ಗ್ರಾಂ ಲೆಕ್ಕ ಕೇಳುತ್ತಿದ್ದೇನೆ. ನಿನ್ನೆ ಒಬ್ಬರು ರಿಜಿಸ್ಟರ್ ತಿರುವಿ ನೋಡಿ, "ನಮ್ಮ ತಕ್ಕಡಿ ಮುಳ್ಳು ಅರ್ಧ ಕೆಜಿಗೊಂದು ಗೆರೆ ತೋರಿಸುತ್ತೆ ಡಾಕ್ಟ್ರೇ, ಗ್ರಾಂ ಎಲ್ಲಿಂದ ತರಲಿ?" ಎಂದರು. ಆ ಕಾರ್ಡು ಇನ್ನೂ ಕಟ್ಟಿನಲ್ಲೇ ಇದೆ.